ಭಾವನ ಜೊತೆ ಗಾಣ ಹಾಕುತ್ತಿದ್ದೇನೆ: ನನ್ನೊಬ್ಬನ ಹೆಸರಲ್ಲೋ, ಪಾಲುದಾರಿಕೆಯೋ, ಕಂಪನಿಯೋ?

ಹಿರಿಯೂರು_ಹುಡುಗ

ಎಲ್ಲರಿಗೂ ನಮಸ್ಕಾರ. ಹಿರಿಯೂರಿನಲ್ಲಿ ಮರದ ಗಾಣದ ಎಣ್ಣೆ ಘಟಕ ಶುರು ಮಾಡಬೇಕು ಅಂತಿದ್ದೇನೆ. ಶೇಂಗಾ, ಕೊಬ್ಬರಿ, ಸ್ವಲ್ಪ ಕುಸುಬೆ. ನನ್ನ ಕೈಯಲ್ಲಿ 4 ಲಕ್ಷ ಇದೆ. ಭಾವ, ಅಂದರೆ ಅಕ್ಕನ ಗಂಡ, 12 ಲಕ್ಷ ಹಾಕುತ್ತಾರೆ. ಅವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಬಿಡೋದಿಲ್ಲ. ಗಾಣ ನಡೆಸೋದು ಪೂರ್ತಿ ನಾನೇ. ಯಂತ್ರಕ್ಕೆ ಬ್ಯಾಂಕಿನಲ್ಲಿ 10 ಲಕ್ಷ ಸಾಲ ಕೇಳಿದ್ದೇವೆ.

ಬ್ಯಾಂಕಿನವರು "ಯಾವ ಹೆಸರಲ್ಲಿ ಖಾತೆ?" ಅಂತ ಕೇಳಿದರು. ಅಲ್ಲಿಗೆ ನಿಂತಿದೆ. ಒಬ್ಬರು ನಿನ್ನೊಬ್ಬನ ಹೆಸರಲ್ಲಿ ಮಾಡು ಅಂತಾರೆ, ಇನ್ನೊಬ್ಬರು ಪಾಲುದಾರಿಕೆ ಅಂತಾರೆ, ಭಾವನ ಆಫೀಸಿನವರು ಕಂಪನಿ ಮಾಡಿ ಅಂತಾರೆ. ನನಗೆ ತಿಳಿಯಬೇಕಾದ್ದು ಮೂರೇ. ನಾಳೆ ಮಾತು ಯಾರದು ನಡೆಯುತ್ತೆ? ಮುಳುಗಿದರೆ ಯಾರ ಮನೆ ಹೋಗುತ್ತೆ? ತೆರಿಗೆ ಎಲ್ಲಿ ಕಡಿಮೆ?

ಕೋರಮಂಗಲ_ಕೋಡರ್

ಯೋಚನೆ ಮಾಡೋಕೆ ಏನೂ ಇಲ್ಲ ಗುರು, ಪ್ರೈವೇಟ್ ಲಿಮಿಟೆಡ್. ಕಂಪನಿ ಬೇರೆ, ನೀನು ಬೇರೆ. ಕಂಪನಿ ಮುಳುಗಿದರೆ ಹಾಕಿದ ಶೇರಿನ ದುಡ್ಡು ಹೋಗುತ್ತೆ, ಅಷ್ಟೇ. ಮನೆ, ಸೈಟು ಯಾರೂ ಮುಟ್ಟೋಕೆ ಆಗಲ್ಲ. ತೆರಿಗೆ 22 ಪರ್ಸೆಂಟ್. ನಾವು ನಾಲ್ಕು ಜನ ಹಾಗೇ ಮಾಡಿದ್ದು, ಎರಡು ವಾರದಲ್ಲಿ ನೋಂದಣಿ ಆಯಿತು.

ಲೆಕ್ಕದ_ಮೇಷ್ಟ್ರು

ಅರ್ಧ ಸರಿ. "ಯಾರೂ ಮುಟ್ಟೋಕೆ ಆಗಲ್ಲ" ಅನ್ನೋದನ್ನು ಮಾತ್ರ ನಂಬಬೇಡಿ.

ಬ್ಯಾಂಕಿನವರು 10 ಲಕ್ಷ ಕೊಡುವಾಗ ಕಂಪನಿಯ ಸಹಿ ತೆಗೆದುಕೊಂಡು ಸುಮ್ಮನಿರುವುದಿಲ್ಲ. ಇಬ್ಬರು ನಿರ್ದೇಶಕರಿಂದಲೂ ವೈಯಕ್ತಿಕ ಜಾಮೀನು ಬರೆಸಿಕೊಳ್ಳುತ್ತಾರೆ. ಆ ಹಾಳೆಗೆ ಸಹಿ ಹಾಕಿದ ಕ್ಷಣ, ಆ ಸಾಲದ ಮಟ್ಟಿಗೆ ಕಂಪನಿಯ ಗೋಡೆ ಬಿದ್ದ ಹಾಗೆ. ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೂ ಜಾಮೀನುದಾರ ಬಚಾವಾಗೋದಿಲ್ಲ ಅಂತ 2021ರಲ್ಲಿ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಸರ್ಕಾರದ ಬಾಕಿಯೂ ಹಾಗೆಯೇ. ಪ್ರೈವೇಟ್ ಕಂಪನಿಯ ಆದಾಯ ತೆರಿಗೆ ಅಥವಾ ಜಿಎಸ್‌ಟಿ ವಸೂಲಿ ಆಗದಿದ್ದರೆ ಆಗ ನಿರ್ದೇಶಕರಾಗಿದ್ದವರ ಹತ್ತಿರ ಬರುತ್ತಾರೆ. ಬಾಕಿ ಉಳಿದದ್ದು ನನ್ನ ನಿರ್ಲಕ್ಷ್ಯದಿಂದ ಅಲ್ಲ ಅಂತ ತೋರಿಸುವ ಭಾರ ನಿರ್ದೇಶಕನದ್ದು.

ಹಾಗಾದರೆ ಕಂಪನಿಯಿಂದ ರಕ್ಷಣೆ ಸಿಗೋದು ಎಲ್ಲಿ? ವ್ಯಾಪಾರದ ಸಾಲದಲ್ಲಿ. ಉದ್ದರಿ ತಂದ ಶೇಂಗಾ, ಬಾಟಲಿ ಸಪ್ಲೈ ಮಾಡಿದವನ ಬಾಕಿ, ಬಾಡಿಗೆ, ಗ್ರಾಹಕನೊಬ್ಬ ಹಾಕಿದ ದಾವೆ. ಇವು ಯಾವುದಕ್ಕೂ ನೀವು ಜಾಮೀನು ಬರೆದುಕೊಟ್ಟಿಲ್ಲ ಅಂದರೆ ಕಂಪನಿಯ ಬಾಗಿಲಿಗೇ ನಿಲ್ಲುತ್ತವೆ. ನಿಮ್ಮ ಗಾಣಕ್ಕೆ ಇದು ಸಣ್ಣ ವಿಷಯ ಅಲ್ಲ. ವರ್ಷದಲ್ಲಿ ಬ್ಯಾಂಕಿಗಿಂತ ಜಾಸ್ತಿ ಸಾಲ ನಿಮಗೆ ಮಂಡಿಯಲ್ಲೇ ಆಗಬಹುದು.

ಕೋರಮಂಗಲ_ಕೋಡರ್

ನಾವು ಬ್ಯಾಂಕ್ ಸಾಲ ತೆಗೆದುಕೊಂಡಿಲ್ಲ, ಅದಕ್ಕೆ ಗೊತ್ತಾಗಿಲ್ಲ. ಒಪ್ಪಿದೆ.

ಚಳ್ಳಕೆರೆ_ಮಂಡಿ

ಮೇಷ್ಟ್ರು ಮಂಡಿ ಅಂದಿದ್ದಕ್ಕೆ ಬಾಯಿ ಬಿಡ್ತೀನಿ. ನಮ್ಮದು ಶೇಂಗಾ ವ್ಯಾಪಾರ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನವರ ಜೊತೆಯೇ ಬೆಳೆದವನು.

ತಮ್ಮಾ, ನಾನೂ ಒಂದು ಕಾಲದಲ್ಲಿ ಪಾಲುದಾರಿಕೆ ಮಾಡಿದ್ದೆ. ಜೊತೆಗಾರ ಹೈಸ್ಕೂಲಿನಿಂದ ಗೆಳೆಯ. ಡೀಡ್ ಬರೆಸಿದ್ದೆವು, 50-50. ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೇ ವರ್ಷ ಅವನಿಗೆ ಚೀಟಿ ವ್ಯವಹಾರದಲ್ಲಿ ಸಾಲ ಆಯಿತು. ನನಗೆ ಹೇಳಲಿಲ್ಲ. ನಮ್ಮ ಫರ್ಮಿನ ಹೆಸರಲ್ಲಿ ಮೂರು ಅಂಗಡಿಯಿಂದ ಉದ್ದರಿ ಶೇಂಗಾ ಎತ್ತಿದ. ಅದನ್ನು ಬೇರೆ ಊರಲ್ಲಿ ನಗದಿಗೆ ಮಾರಿ ಚೀಟಿಗೆ ಕಟ್ಟಿದ. ಒಟ್ಟು 7 ಲಕ್ಷ.

ಮಂಡಿಯವರು ನನ್ನ ಮನೆಗೆ ಬಂದರು. ನಾನು "ಆ ಮಾಲು ನಮ್ಮ ಗೋಡೌನಿಗೆ ಬಂದೇ ಇಲ್ಲ" ಅಂದೆ. "ಬಿಲ್ಲಿನ ಮೇಲೆ ನಿಮ್ಮ ಫರ್ಮಿನ ಸೀಲ್ ಇದೆ, ನಿಮ್ಮ ಪಾಲುದಾರ ಸಹಿ ಹಾಕಿದ್ದಾನೆ, ನಮಗೆ ಅಷ್ಟು ಸಾಕು" ಅಂದರು. ವಕೀಲರನ್ನು ಕೇಳಿದೆ. ಅವರೂ ಅದನ್ನೇ ಹೇಳಿದರು. ಅವನ ಹತ್ತಿರ ಏನೂ ಉಳಿದಿರಲಿಲ್ಲ. ನನಗೊಂದು ಸೈಟು ಇತ್ತು. ಮಾರಿ ಪೂರ್ತಿ 7 ಲಕ್ಷ ನಾನೇ ಕಟ್ಟಿದೆ. ನನ್ನ ಪಾಲು ಅರ್ಧ ಅನ್ನೋದು ಲಾಭಕ್ಕೆ ಮಾತ್ರ. ಸಾಲಕ್ಕೆ ಪೂರ್ತಿ ನನ್ನದೇ.

ಹಿರಿಯೂರು_ಹುಡುಗ

ಅಣ್ಣ, ಓದಿ ಬೇಜಾರಾಯಿತು. ಡೀಡ್‌ನಲ್ಲಿ "ಇಷ್ಟಕ್ಕಿಂತ ಜಾಸ್ತಿ ಉದ್ದರಿಗೆ ಇಬ್ಬರ ಸಹಿ ಬೇಕು" ಅಂತ ಬರೆಸಿದ್ದರೆ ತಪ್ಪಿಸಬಹುದಿತ್ತಾ?

ದಾವಣಗೆರೆ_ವಕೀಲೆ

ಎಲ್ಲರೂ ಇದನ್ನೇ ಕೇಳುತ್ತಾರೆ. ಡೀಡ್ ನಿಮ್ಮಿಬ್ಬರ ನಡುವಿನ ಪತ್ರ. ಮಂಡಿಯವನು ಅದನ್ನು ಓದಿಲ್ಲ. ಪಾಲುದಾರಿಕೆ ಕಾಯ್ದೆ 1932ರದ್ದು. ಅದರ ಪ್ರಕಾರ ವ್ಯಾಪಾರದ ಮಾಮೂಲಿ ಕೆಲಸದಲ್ಲಿ ಪ್ರತಿ ಪಾಲುದಾರನೂ ಫರ್ಮಿನ ಏಜೆಂಟ್. ಶೇಂಗಾ ಕೊಳ್ಳೋದು ಎಣ್ಣೆ ಗಾಣಕ್ಕೆ ಮಾಮೂಲಿ ಕೆಲಸವೇ ಅಲ್ವಾ? ಡೀಡ್‌ನಲ್ಲಿ ಮಿತಿ ಹಾಕಿದರೂ, ಆ ಮಿತಿ ಎದುರಿನವನಿಗೆ ಗೊತ್ತಿದ್ದರೆ ಮಾತ್ರ ಅವನನ್ನು ಕಟ್ಟಿಹಾಕುತ್ತೆ. ಗೊತ್ತಿಲ್ಲದಿದ್ದರೆ ಫರ್ಮು ಹಣ ಕೊಡಲೇಬೇಕು. ಆಮೇಲೆ ಡೀಡ್ ಹಿಡಿದುಕೊಂಡು ಪಾಲುದಾರನ ಮೇಲೆ ನೀವು ದಾವೆ ಹಾಕಬಹುದು. ಅವನ ಹತ್ತಿರ ಏನಾದರೂ ಉಳಿದಿದ್ದರೆ.

ಹಾಗಾಗಿ ನಾನು ಕಕ್ಷಿದಾರರಿಗೆ ಹೇಳೋದು: ಮಿತಿಯನ್ನು ಡೀಡ್‌ನಲ್ಲಿ ಬರೆದು ಬೀರುವಿನಲ್ಲಿ ಇಡಬೇಡಿ. ಯಾವ ನಾಲ್ಕು ಅಂಗಡಿಯಲ್ಲಿ ಖಾತೆ ಇದೆಯೋ ಆ ನಾಲ್ವರಿಗೂ ಪತ್ರ ಕೊಟ್ಟು, ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡು ಬನ್ನಿ. "50 ಸಾವಿರ ದಾಟಿದ ಉದ್ದರಿಗೆ ಇಬ್ಬರ ಸಹಿ ಇಲ್ಲದಿದ್ದರೆ ಫರ್ಮು ಹೊಣೆಯಲ್ಲ" ಅಂತ ಎರಡು ಸಾಲು ಸಾಕು.

ಇನ್ನೊಂದು ವಿಷಯ. ಪಾಲುದಾರಿಕೆಯಿಂದ ಹೊರಗೆ ಬಂದೆ ಅಂತ ಮನೆಯಲ್ಲಿ ಹೇಳಿಕೊಂಡರೆ ಸಾಲದು. ಸಾರ್ವಜನಿಕ ನೋಟಿಸ್ ಕೊಡುವ ತನಕ ಹಳೆಯ ಪಾಲುದಾರ ಮಾಡಿದ್ದಕ್ಕೆ ನೀವೂ ಹೊಣೆಯಾಗಬಹುದು.

ಚಳ್ಳಕೆರೆ_ಮಂಡಿ

ಮೇಡಂ ಹೇಳಿದ ಪತ್ರ ನನಗೆ ಇಷ್ಟು ವರ್ಷದಲ್ಲಿ ಒಬ್ಬನೇ ತಂದುಕೊಟ್ಟಿದ್ದು. ಆ ಫರ್ಮಿಗೆ ನಾನು ಉದ್ದರಿ ಕಡಿಮೆ ಮಾಡಿದೆ, ಸುಳ್ಳು ಯಾಕೆ ಹೇಳಲಿ. ಇಬ್ಬರ ಸಹಿಗೆ ಕಾಯುವವನಿಗಿಂತ ಒಬ್ಬನೇ ಬಂದು ಒಯ್ಯುವವನು ನಮಗೆ ಸಲೀಸು.

ಹೊಲದ_ಬದುವಿಂದ

ನಿಮಗೆಲ್ಲ ಯಾಕೆ ಗೊತ್ತಿಲ್ಲವೋ, ರೈತ ಉತ್ಪಾದಕ ಕಂಪನಿ ಮಾಡಿ ಸ್ವಾಮಿ. ಹತ್ತು ಜನ ಬೆಳೆಗಾರರು ಸೇರಿದರೆ ಸಾಕು. ನಮ್ಮ ಕಡೆ ಹಾಗೆ ಮಾಡಿ ಶೇಂಗಾ ಬೀಜ, ಗೊಬ್ಬರ ಎಲ್ಲ ಒಟ್ಟಿಗೆ ತರುತ್ತಿದ್ದೇವೆ. ಒಬ್ಬೊಬ್ಬರೇ ಯಾಕೆ ಒದ್ದಾಡಬೇಕು?

ಹಿರಿಯೂರು_ಹುಡುಗ

ಅಣ್ಣ, ನಮಗೆ ಹೊಲ ಇಲ್ಲ. ನಾನು, ಭಾವ, ಇಬ್ಬರೇ. ನಿಮ್ಮ ಸಂಘದಿಂದ ನೇರವಾಗಿ ಶೇಂಗಾ ಸಿಗುತ್ತಾ ಅಂತ ಬೇರೆ ಕೇಳುತ್ತೇನೆ.

ಈಗ ನನ್ನ ಅನುಮಾನ ಬೇರೆ ಕಡೆ ಹೋಗಿದೆ. ಭಾವ ಹಾಗೆ ಮಾಡುವವರಲ್ಲ. ಸಹಿ ಹಾಕಿ ಮಾಲು ತರುವವನು ನಾನೇ. ಅಂದರೆ ಭಯ ಅವರಿಗೆ ಇರಬೇಕು, ಅಲ್ವಾ? ನನಗೆ ಭಯ ಮಾತು ಯಾರದು ನಡೆಯುತ್ತೆ ಅನ್ನೋದು. ದುಡ್ಡು ಅವರದ್ದು ಮೂರು ಪಾಲು.

ಲೆಕ್ಕದ_ಮೇಷ್ಟ್ರು

ಸರಿಯಾದ ಜಾಗಕ್ಕೆ ಬಂದಿರಿ. ಒಂದೇ 16 ಲಕ್ಷ, ಎರಡು ರೀತಿ ಹಾಕಿ ನೋಡಿ.

ಕಂಪನಿ ಮಾಡಿ, ಹಾಕಿದ ದುಡ್ಡಿಗೆ ತಕ್ಕಂತೆ ಶೇರು ಹಂಚಿದರೆ ಭಾವನಿಗೆ ಶೇಕಡಾ 75, ನಿಮಗೆ 25. ಮಾಮೂಲಿ ನಿರ್ಣಯಕ್ಕೆ ಅರ್ಧಕ್ಕಿಂತ ಜಾಸ್ತಿ ಮತ ಸಾಕು. ದೊಡ್ಡ ವಿಷಯಗಳಿಗೆ, ಅಂದರೆ ಕಂಪನಿಯ ನಿಯಮಾವಳಿ ಬದಲಿಸುವಂಥದ್ದಕ್ಕೆ, ವಿಶೇಷ ನಿರ್ಣಯ ಬೇಕು. ಅದಕ್ಕೆ ವಿರುದ್ಧ ಮತದ ಮೂರು ಪಟ್ಟು ಪರ ಮತ ಇರಬೇಕು. 75ಕ್ಕೆ 25, ಲೆಕ್ಕ ಸರಿಯಾಗಿ ಕೂತಿತು. ಭಾವ ಒಬ್ಬರೇ ಎರಡನ್ನೂ ಪಾಸ್ ಮಾಡಬಲ್ಲರು. ನಿರ್ದೇಶಕನನ್ನು ತೆಗೆಯಲು ಮಾಮೂಲಿ ನಿರ್ಣಯವೇ ಸಾಕು. ಮೊದಲೇ ವಿಶೇಷ ನೋಟಿಸ್ ಕೊಡಬೇಕು, ನಿಮ್ಮ ಮಾತು ಕೇಳಬೇಕು, ಅಷ್ಟೇ. ಐದು ವರ್ಷ ನೀವು ಗಾಣದ ಮುಂದೆ ನಿಂತು ಹೆಸರು ಮಾಡಿದ ಮೇಲೆ, ಒಂದು ದಿನ ನೀವು ಕಾಲು ಭಾಗ ಶೇರು ಇಟ್ಟುಕೊಂಡ ಹೊರಗಿನವರಾಗಬಹುದು.

ಪಾಲುದಾರಿಕೆಯಲ್ಲಿ ಇದು ತಲೆಕೆಳಗು. ಡೀಡ್ ಬೇರೆ ಹೇಳದಿದ್ದರೆ ಯಾರು ಎಷ್ಟು ಹಾಕಿದರೂ ಲಾಭ ಸಮ, ಮಾತೂ ಸಮ. ವ್ಯಾಪಾರದ ಸ್ವರೂಪ ಬದಲಿಸಲು, ಹೊಸಬರನ್ನು ಸೇರಿಸಲು ಎಲ್ಲರೂ ಒಪ್ಪಬೇಕು. ಡೀಡ್‌ನಲ್ಲಿ ಅಧಿಕಾರ ಬರೆದಿಲ್ಲದಿದ್ದರೆ ಪಾಲುದಾರನನ್ನು ಹೊರಹಾಕುವಂತಿಲ್ಲ. ಆದರೆ ಡೀಡ್‌ನಲ್ಲಿ ಅವಧಿ ಬರೆಯದಿದ್ದರೆ ಯಾರು ಬೇಕಾದರೂ ಒಂದು ನೋಟಿಸ್ ಕೊಟ್ಟು ಇಡೀ ಫರ್ಮನ್ನೇ ಮುಚ್ಚಿಸಬಹುದು. ನಿಮ್ಮನ್ನು ಹೊರಹಾಕೋಕೆ ಆಗಲ್ಲ, ಗಾಣ ನಿಲ್ಲಿಸೋಕೆ ಆಗುತ್ತೆ.

ಇನ್ನೊಂದು ಮಾತು, ಬಹಳ ಜನ ಎಡವುವ ಕಡೆ. ಡೀಡ್ ಸುಮ್ಮನಿದ್ದರೆ ದುಡಿಯುವ ಪಾಲುದಾರನಿಗೆ ಸಂಬಳ ಇಲ್ಲ. ಕಾಯ್ದೆ ಹಾಗೇ ಇದೆ. ನೀವು ಬೆಳಗ್ಗೆ ಆರಕ್ಕೆ ಗಾಣ ಶುರು ಮಾಡಿದರೂ, ಭಾವ ಬೆಂಗಳೂರಲ್ಲಿ ಕೂತಿದ್ದರೂ, ಲಾಭ ಅರ್ಧರ್ಧ.

ಹಿರಿಯೂರು_ಹುಡುಗ

ಇದು ನನಗೆ ಯಾರೂ ಹೇಳಿರಲಿಲ್ಲ. ಒಬ್ಬನ ಹೆಸರಲ್ಲಿ ಮಾಡಿದರೆ?

ಲೆಕ್ಕದ_ಮೇಷ್ಟ್ರು

ಮಾತು ಪೂರ್ತಿ ನಿಮ್ಮದು, ಸಾಲವೂ ಪೂರ್ತಿ ನಿಮ್ಮದು. ಭಾವ ಕಾನೂನಿನ ಕಣ್ಣಿಗೆ ಕಾಣುವುದೇ ಇಲ್ಲ. ಅವರ 12 ಲಕ್ಷ ಏನು ಅಂತ ಬರೆದಿಡದಿದ್ದರೆ ಜಗಳ ಅಲ್ಲೇ ಶುರು.

ಹುಬ್ಬಳ್ಳಿ_ಅಕ್ಕ

ನಮ್ಮ ಮನೀ ಕಥಿ ಇದೇ ಐತ್ರಿ. ನನ್ನ ರೊಟ್ಟಿ ಅಂಗಡಿಗೆ ನಮ್ಮಣ್ಣ 5 ಲಕ್ಷ ಕೊಟ್ಟ. ಪಾಲುದಾರ ಆಗು ಅಂದೆ. "ಬ್ಯಾಡವಾ, ನಾಳೆ ನಿನ್ನ ಸಾಲ ನನ್ನ ತಲಿಗೆ ಬಂದ್ರ ನಿನ್ನ ಅತ್ತಿಗಿ ಮನಿ ಬಿಟ್ಟು ಹೋಗ್ತಾಳ" ಅಂದ. ಸಾಲ ಅಂತ ಪತ್ರ ಬರೆದೆವು, ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ. ಅಂಗಡಿ ನನ್ನೊಬ್ಬಳ ಹೆಸರಲ್ಲೇ ಐತಿ. ಅವ ಬಂದು ಏನರ ಹೇಳಿದ್ರ ಕೇಳ್ತೀನಿ, ಆದ್ರ ಮಾಡೋದು ನನ್ನ ಮನಸ್ಸಿಗೆ ಬಂದಂಗ.

ಲೆಕ್ಕದ_ಮೇಷ್ಟ್ರು

ಅಕ್ಕನ ಅಣ್ಣ ಬುದ್ಧಿವಂತ. ಈ ದಾರಿಯನ್ನು ಯಾರೂ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಸಾಲ ಕೊಟ್ಟವನು ಅಂಗಡಿಯ ಬಾಕಿಗೆ ಹೊಣೆಯಲ್ಲ. ಅವನ ನಷ್ಟ ಹೆಚ್ಚೆಂದರೆ ಕೊಟ್ಟ ಹಣ. ಹಣ ಮಾತ್ರ ಬ್ಯಾಂಕ್ ಮೂಲಕವೇ ಬರಬೇಕು. 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಸಾಲ ನಗದಿನಲ್ಲಿ ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಭಾವ, ಅಣ್ಣ ಅಂತ ವಿನಾಯಿತಿ ಇಲ್ಲ.

ಶಿರಾ_ಜಿಎಸ್‌ಟಿ

ತೆರಿಗೆ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳೋದು ಯಾಕೆ? ಆದಾಯ ತೆರಿಗೆಯ 44ಎಡಿ ಕಲಂ ಹಾಕಿ. ವಹಿವಾಟು 2 ಕೋಟಿ ಒಳಗೆ ಇದ್ದರೆ ಬ್ಯಾಂಕಿಗೆ ಬಂದ ವಹಿವಾಟಿನ ಶೇಕಡಾ 6 ಲಾಭ ಅಂತ ತೋರಿಸಿದರೆ ಮುಗಿಯಿತು, ಲೆಕ್ಕ ಪುಸ್ತಕವೂ ಬೇಡ. ಒಬ್ಬನ ಹೆಸರಲ್ಲಿ ಇದ್ದರೂ ಅಷ್ಟೇ, ಪಾಲುದಾರಿಕೆ ಇದ್ದರೂ ಅಷ್ಟೇ. ನಮ್ಮ ಹಾರ್ಡ್‌ವೇರ್ ಅಂಗಡಿ ಹಾಗೇ ನಡೆಯುತ್ತಿದೆ.

ಲೆಕ್ಕದ_ಮೇಷ್ಟ್ರು

ಶಿರಾದವರೇ, "ಅಷ್ಟೇ" ಅನ್ನೋದು ಒಂದು ಕಡೆ ತಪ್ಪು, ಅದೂ ದುಬಾರಿ ತಪ್ಪು. ನಿಮ್ಮ ಅಂಗಡಿ ನಿಮ್ಮೊಬ್ಬರದು ಅಂದುಕೊಳ್ಳುತ್ತೇನೆ.

ಗಾಣದ ಮೊದಲ ವರ್ಷ 60 ಲಕ್ಷ ವಹಿವಾಟು, ಎಲ್ಲ ಬ್ಯಾಂಕ್ ಮೂಲಕ, ನಿಜವಾದ ಲಾಭವೂ ಸುಮಾರು ಆ ಶೇಕಡಾ 6ರಷ್ಟೇ ಅಂತ ಇಟ್ಟುಕೊಳ್ಳಿ. ಶೇಕಡಾ 6 ಅಂದರೆ 3.6 ಲಕ್ಷ. ಒಬ್ಬನ ಹೆಸರಲ್ಲಿದ್ದರೆ ತೆರಿಗೆ ಸೊನ್ನೆ, ಯಾಕೆಂದರೆ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ. ಅದೇ ಪಾಲುದಾರಿಕೆ ಫರ್ಮು ಆದರೆ ಮೊದಲ ರೂಪಾಯಿಯಿಂದಲೇ ಶೇಕಡಾ 30, ಅದರ ಮೇಲೆ ಶೇಕಡಾ 4 ಸೆಸ್. ಒಟ್ಟು 1,12,320 ರೂಪಾಯಿ. 44ಎಡಿ ಹಾಕಿದ ಫರ್ಮು ಪಾಲುದಾರರ ಸಂಬಳ, ಬಡ್ಡಿ ಕಳೆಯುವ ಹಾಗೂ ಇಲ್ಲ. ಮೊದಲು ಕಳೆಯಬಹುದಿತ್ತು, ಆ ಬಾಗಿಲು ಮುಚ್ಚಿ ಎಷ್ಟೋ ವರ್ಷ ಆಯಿತು.

ನಿಜವಾದ ಲಾಭ ಶೇಕಡಾ 6ಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸಬೇಕು, ಅದನ್ನೂ ಮರೆಯಬೇಡಿ.

ಶಿರಾ_ಜಿಎಸ್‌ಟಿ

ಹೌದು ಸಾರ್, ನನ್ನದು ಒಬ್ಬನದೇ ಅಂಗಡಿ. ಫರ್ಮಿಗೆ ಈ ಥರ ಅಂತ ಗೊತ್ತಿರಲಿಲ್ಲ.

ಹಿರಿಯೂರು_ಹುಡುಗ

ಹಾಗಾದರೆ ಫರ್ಮು ಮಾಡಿದವರೆಲ್ಲ ಜಾಸ್ತಿ ಕಟ್ಟುತ್ತಿದ್ದಾರಾ?

ಲೆಕ್ಕದ_ಮೇಷ್ಟ್ರು

ಇಲ್ಲ. ಪುಸ್ತಕ ಇಟ್ಟು, ಡೀಡ್ ಸರಿಯಾಗಿ ಬರೆದರೆ ಹೆಚ್ಚುಕಮ್ಮಿ ಸಮಕ್ಕೆ ಬರುತ್ತೆ. ಗಾಣ ನಿಂತ ಮೇಲಿನ ಒಂದು ವರ್ಷ ತಗೊಳ್ಳೋಣ. ನಿಮ್ಮಿಬ್ಬರಿಗೆ ಏನೂ ಕೊಡುವ ಮೊದಲು ಲಾಭ 15 ಲಕ್ಷ. 2025-26ರ ದರದಲ್ಲಿ ನೋಡಿ.

ನಿಮ್ಮೊಬ್ಬರ ಹೆಸರಲ್ಲಿದ್ದರೆ 15 ಲಕ್ಷಕ್ಕೆ ಹೊಸ ಪದ್ಧತಿಯಲ್ಲಿ ಸೆಸ್ ಸೇರಿ 1,09,200.

ಫರ್ಮಿನಲ್ಲಿ ಮೊದಲು ಬಂಡವಾಳದ ಮೇಲೆ ಬಡ್ಡಿ ಕೊಡಿ. ಡೀಡ್‌ನಲ್ಲಿ ಬರೆದಿದ್ದರೆ ಶೇಕಡಾ 12ರ ತನಕ ಖರ್ಚು ಅಂತ ಒಪ್ಪುತ್ತಾರೆ. 16 ಲಕ್ಷಕ್ಕೆ 1.92 ಲಕ್ಷ. ಉಳಿದದ್ದು 13.08 ಲಕ್ಷ. ಇದರಲ್ಲಿ ಪಾಲುದಾರರ ಸಂಬಳಕ್ಕೆ ಒಂದು ಮಿತಿ ಇದೆ: ಮೊದಲ 6 ಲಕ್ಷಕ್ಕೆ ಶೇಕಡಾ 90, ಆಮೇಲಿನದಕ್ಕೆ ಶೇಕಡಾ 60. ಕೂಡಿಸಿದರೆ 9.65 ಲಕ್ಷದ ಹತ್ತಿರ. ಫರ್ಮಿನಲ್ಲಿ ಉಳಿಯೋದು ಸುಮಾರು 3.43 ಲಕ್ಷ. ಅದಕ್ಕೆ ಸೆಸ್ ಸೇರಿ ತೆರಿಗೆ 1.07 ಲಕ್ಷ. ನಂತರ ಹಂಚಿಕೊಂಡ ಲಾಭಕ್ಕೆ ನಿಮ್ಮಿಬ್ಬರ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ.

ಸಂಬಳ ಕೊಡಬಹುದಾದದ್ದು ದುಡಿಯುವ ಪಾಲುದಾರನಿಗೆ ಮಾತ್ರ, ಅಂದರೆ ನಿಮಗೆ. ನಿಮ್ಮ ಸಂಬಳ, ಬಡ್ಡಿ ಸೇರಿ 10 ಲಕ್ಷ ಚಿಲ್ಲರೆ. 12 ಲಕ್ಷದ ಒಳಗೆ ಇರೋದರಿಂದ ರಿಯಾಯಿತಿ ಸಿಕ್ಕಿ ನಿಮ್ಮ ತೆರಿಗೆ ಸೊನ್ನೆ. ಭಾವ ತಮ್ಮ 1.44 ಲಕ್ಷ ಬಡ್ಡಿಗೆ ಅವರ ಸ್ಲ್ಯಾಬ್ ಪ್ರಕಾರ ಕಟ್ಟಬೇಕು. 2025ರ ಏಪ್ರಿಲ್‌ನಿಂದ ಫರ್ಮು ಪಾಲುದಾರನಿಗೆ ಕೊಡುವ ಸಂಬಳ, ಬಡ್ಡಿ ವರ್ಷಕ್ಕೆ 20 ಸಾವಿರ ದಾಟಿದರೆ ಶೇಕಡಾ 10 ಟಿಡಿಎಸ್ ಹಿಡಿಯಬೇಕು. ರಿಟರ್ನ್ ಹಾಕಿದರೆ ನಿಮ್ಮದು ವಾಪಸ್ ಬರುತ್ತೆ, ಆದರೆ ಆ ಹಣ ಅಷ್ಟು ತಿಂಗಳು ಕೈಯಲ್ಲಿ ಇರಲ್ಲ.

ಕಂಪನಿ ಆದರೆ ನಿಮಗೆ ನಿರ್ದೇಶಕ ಅಂತ 12 ಲಕ್ಷ ಸಂಬಳ ಕೊಡಬಹುದು, ನಿಮ್ಮ ತೆರಿಗೆ ಆಗಲೂ ಸೊನ್ನೆ. ಉಳಿದ 3 ಲಕ್ಷಕ್ಕೆ ಕಂಪನಿ 75 ಸಾವಿರ ಚಿಲ್ಲರೆ ಕಟ್ಟುತ್ತೆ. ಕೋರಮಂಗಲದವರು ಹೇಳಿದ 22, ಸರ್ಚಾರ್ಜ್ ಮತ್ತು ಸೆಸ್ ಸೇರಿ 25.168 ಆಗುತ್ತೆ. ಉಳಿದದ್ದನ್ನು ಡಿವಿಡೆಂಡ್ ಅಂತ ತೆಗೆದರೆ ತಗೊಂಡವರ ಕೈಯಲ್ಲಿ ಮತ್ತೊಂದು ಸಲ ತೆರಿಗೆ. ಜೊತೆಗೆ ವಹಿವಾಟು ಒಂದೇ ರೂಪಾಯಿ ಇದ್ದರೂ ಆಡಿಟ್ ಕಡ್ಡಾಯ, ಪ್ರತಿ ವರ್ಷ ಕಂಪನಿ ರಿಜಿಸ್ಟ್ರಾರ್‌ಗೆ ಲೆಕ್ಕಪತ್ರ, ವಾರ್ಷಿಕ ರಿಟರ್ನ್ ಎರಡನ್ನೂ ಸಲ್ಲಿಸಬೇಕು. ತಡವಾದರೆ ಒಂದೊಂದು ಫಾರ್ಮಿಗೆ ದಿನಕ್ಕೆ 100 ರೂಪಾಯಿ. ಅದಕ್ಕೆ ಗರಿಷ್ಠ ಮಿತಿ ಇಲ್ಲ.

ಅಂದರೆ ಈ ಅಳತೆಯ ಗಾಣಕ್ಕೆ ಮೂರರ ನಡುವೆ ಅಂತರ ಕೆಲವು ಹತ್ತು ಸಾವಿರ ಅಷ್ಟೇ. ತೆರಿಗೆ ನೋಡಿ ರೂಪ ಆರಿಸಿಕೊಳ್ಳುವ ಮಟ್ಟ ಇದಲ್ಲ ಅನ್ನೋದು ನನ್ನ ಅಭಿಪ್ರಾಯ.

ಕೋರಮಂಗಲ_ಕೋಡರ್

100 ರೂಪಾಯಿ ವಿಷಯ ನಿಜ. ನಮ್ಮ ಹಳೆಯ ಒಂದು ಕಂಪನಿ ವ್ಯಾಪಾರ ನಿಲ್ಲಿಸಿದ ಮೇಲೂ ಫಾರ್ಮು ಹಾಕಬೇಕು ಅಂತ ಗೊತ್ತಿರಲಿಲ್ಲ. ಎರಡು ಫಾರ್ಮು, ಒಂದೂವರೆ ವರ್ಷ ತಡ. ಲಕ್ಷದ ಮೇಲೆ ಕಟ್ಟಿದೆವು. ಮೂರು ವರ್ಷ ಬಿಟ್ಟಿದ್ದರೆ ಐದು ವರ್ಷ ನಿರ್ದೇಶಕ ಆಗುವ ಹಾಗೇ ಇರಲಿಲ್ಲವಂತೆ. ಒಬ್ಬನ ಹೆಸರಿನ ಅಂಗಡಿ ಆದರೆ ಶಟರ್ ಎಳೆದು ಜಿಎಸ್‌ಟಿ ರದ್ದು ಮಾಡಿಸಿದರೆ ಮುಗೀತು. ಕಂಪನಿಗೆ ಸಾವು ಕೂಡ ಸಲೀಸಲ್ಲ.

ಹಿರಿಯೂರು_ಹುಡುಗ

ಮೇಷ್ಟ್ರೇ, ನಿಮ್ಮ ಫರ್ಮಿನ ಲೆಕ್ಕ ಭಾವನಿಗೆ ಕಳಿಸಿದೆ. ಒಂದು ಗಂಟೆ ಆದಮೇಲೆ ಫೋನ್ ಬಂತು. "ನಿನಗೆ 10 ಲಕ್ಷ ಹೋಗುತ್ತೆ. ನನಗೆ 12 ಲಕ್ಷ ಹಾಕಿ ಬಡ್ಡಿ 1.44, ಲಾಭದಲ್ಲಿ ಅರ್ಧ ಅಂದರೆ 1.18. ಒಟ್ಟು ಎರಡೂವರೆ ಚಿಲ್ಲರೆ. ಇದ್ಯಾವ ಪಾಲುದಾರಿಕೆ?" ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ.

ಲೆಕ್ಕದ_ಮೇಷ್ಟ್ರು

ನಿಮ್ಮ ಭಾವ ಕೇಳಿದ್ದರಲ್ಲಿ ತಪ್ಪಿಲ್ಲ. ತೆರಿಗೆ ಉಳಿಯಬೇಕಾದರೆ ಸಂಬಳ ಜಾಸ್ತಿ ಇರಬೇಕು, ಭಾವನಿಗೆ ಸಿಗಬೇಕಾದರೆ ಸಂಬಳ ಕಡಿಮೆ ಇರಬೇಕು. ಎರಡೂ ಒಟ್ಟಿಗೆ ಆಗಲ್ಲ. ನಿಮ್ಮ ಸಂಬಳ ತಿಂಗಳಿಗೆ 40 ಸಾವಿರ ಅಂತ ಬರೆದು ಉಳಿದದ್ದನ್ನು ಹಂಚಿಕೊಂಡರೆ ಫರ್ಮಿನ ತೆರಿಗೆ 2.58 ಲಕ್ಷಕ್ಕೆ ಏರುತ್ತೆ, ಆದರೆ ಭಾವನ ಕೈಗೆ ಬಡ್ಡಿ ಸೇರಿ ಸುಮಾರು 4.3 ಲಕ್ಷ ಬರುತ್ತೆ. ಎಷ್ಟಕ್ಕೆ ನಿಲ್ಲಿಸಬೇಕು ಅನ್ನೋದು ನಿಮ್ಮ ಮನೆಯ ಮಾತು, ನನ್ನದಲ್ಲ.

ದಾವಣಗೆರೆ_ವಕೀಲೆ

ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಪಾಲುದಾರಿಕೆಯ ಒಪ್ಪಂದದ ಸ್ವಾತಂತ್ರ್ಯ ಇದೆ, ಕಂಪನಿಯ ಗೋಡೆಯೂ ಇದೆ. ಒಬ್ಬ ಪಾಲುದಾರ ಮಾಡಿದ ಉದ್ದರಿಗೆ ಇನ್ನೊಬ್ಬನ ಸೈಟು ಮಾರಬೇಕಾಗಿಲ್ಲ. 2008ರ ಕಾಯ್ದೆ. ತೆರಿಗೆ ಫರ್ಮಿನ ಹಾಗೆಯೇ, 44ಎಡಿ ಮಾತ್ರ ಇಲ್ಲ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದರೆ ಆಡಿಟ್ ಬೇಕು. ದುಡ್ಡು ಹಾಕಿ ದೂರ ಇರುವ ಭಾವನಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಾಣುತ್ತಿಲ್ಲ.

ಇಲ್ಲ, ಸಾದಾ ಪಾಲುದಾರಿಕೆಯೇ ಬೇಕು ಅಂದರೆ ಡೀಡ್ ಬರೆಸಿ ಸುಮ್ಮನಾಗಬೇಡಿ, ಫರ್ಮನ್ನು ನೋಂದಾಯಿಸಿ. ಕಾಯ್ದೆ ಕಡ್ಡಾಯ ಅನ್ನೋದಿಲ್ಲ, ಅದಕ್ಕೇ ಎಲ್ಲರೂ ಬಿಡುತ್ತಾರೆ. ಆದರೆ ನೋಂದಣಿ ಇಲ್ಲದ ಫರ್ಮು ಬಾಕಿ ವಸೂಲಿಗೆ ದಾವೆ ಹಾಕುವಂತಿಲ್ಲ. ನನ್ನ ಹತ್ತಿರ ಬಂದ ಒಬ್ಬರಿಗೆ ಒಂದು ಅಂಗಡಿಯಿಂದ 2 ಲಕ್ಷದ ಮೇಲೆ ಬರಬೇಕಿತ್ತು. ಬಿಲ್ಲು, ಸಹಿ ಎಲ್ಲ ಇತ್ತು. ನೋಂದಣಿ ಇರಲಿಲ್ಲ. ದಾವೆ ಹಾಕಿದ ಮೇಲೆ ನೋಂದಾಯಿಸಿದರೆ ಆ ದಾವೆ ಬದುಕೋದಿಲ್ಲ. ನೋಂದಾಯಿಸಿ ಹೊಸದಾಗಿ ಹಾಕಬೇಕು ಅನ್ನುವಷ್ಟರಲ್ಲಿ ಮೂರು ವರ್ಷದ ಕಾಲಮಿತಿ ದಾಟಿತ್ತು. ನಿಮ್ಮ ಮೇಲೆ ಬೇರೆಯವರು ದಾವೆ ಹಾಕೋದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ.

ಚಳ್ಳಕೆರೆ_ಮಂಡಿ

ಮೇಡಂ, ಎಲ್‌ಎಲ್‌ಪಿ ಕಾಗದದ ಮೇಲೆ ಚೆನ್ನಾಗಿದೆ. ಮಂಡಿಯಲ್ಲಿ ನಡೆಯೋದು ಹೇಳ್ತೀನಿ. ಬಿಲ್ಲಿನ ಮೇಲೆ ಆ ಮೂರು ಅಕ್ಷರ ಕಂಡರೆ ನಾವು "ಸರಿ, ನಿನ್ನ ಸ್ವಂತ ಖಾತೆಯ ಚೆಕ್ ಒಂದು ಕೊಟ್ಟು ಹೋಗು" ಅಂತೀವಿ. ಹೊಸಬನಿಗೆ ಹಾಗೇ ಕೊಡೋದಿಲ್ಲ. ಹುಡುಗ ಚೆಕ್ ಕೊಟ್ಟರೆ ಅವನ ಗೋಡೆ ಅವನೇ ಒಡೆದ ಹಾಗೆ.

ದಾವಣಗೆರೆ_ವಕೀಲೆ

ಒಡೆದದ್ದು ಹುಡುಗನ ಗೋಡೆ, ಭಾವನದ್ದಲ್ಲ. ಭಾವ ಚೆಕ್ ಕೊಟ್ಟಿಲ್ಲವಲ್ಲ. ಅದೇ ನಾನು ಹೇಳಿದ್ದು.

ಚಳ್ಳಕೆರೆ_ಮಂಡಿ

ಅದು ಸರಿ. ಆದರೆ ನಾಳೆ ನಾವು ಭಾವನ ಚೆಕ್ಕೂ ಕೇಳ್ತೀವಿ.

ಹುಬ್ಬಳ್ಳಿ_ಅಕ್ಕ

ಹಿಂಡಿ ಲೆಕ್ಕ ಯಾರೂ ಕೇಳಲಿಲ್ಲಲ್ರಿ? ಗಾಣದ ಹಿಂಡಿ ಎಮ್ಮಿ ಸಾಕಿದವ್ರು ಬಾಗಿಲಿಗೆ ಬಂದು ನಗದು ಕೊಟ್ಟು ಒಯ್ತಾರ. ಆ ರೊಕ್ಕ ಡಬ್ಬಿಗೆ ಹೋಗ್ತದ, ಪುಸ್ತಕಕ್ಕ ಬರಂಗಿಲ್ಲ. ಒಬ್ಬನ ಅಂಗಡಿ ಆದ್ರ ಡಬ್ಬಿ ನಿಂದ, ಇಲಾಖೆಗೆ ಲೆಕ್ಕ ತೋರಿಸಿದ್ರ ಆತು. ಪಾಲುದಾರಿಕೆ ಆದ್ರ ಅರ್ಧ ನಿಮ್ಮ ಭಾವಂದು. ಕಂಪನಿ ಆದ್ರ ಡಬ್ಬೀನೂ ನಿಂದಲ್ಲ.

ಲೆಕ್ಕದ_ಮೇಷ್ಟ್ರು

ಮೂವತ್ತು ವರ್ಷದಲ್ಲಿ ನಾನು ನೋಡಿದ ಪಾಲುದಾರಿಕೆ ಜಗಳಗಳಲ್ಲಿ ಬಹಳಷ್ಟು ಶುರುವಾದದ್ದು ಇಂಥ ಡಬ್ಬಿಯಿಂದಲೇ. ಹಿಂಡಿಗೂ ಬಿಲ್ ಪುಸ್ತಕ ಇಡಿ, ಯುಪಿಐ ಹಾಳೆ ಅಂಟಿಸಿ. ಕಂಪನಿಯಾದರೆ ಇನ್ನೂ ಹುಷಾರು. ಕಂಪನಿಯ ದುಡ್ಡನ್ನು ಅಕ್ಕಿ ತರೋಕೆ ಅಂತ ತೆಗೆದುಕೊಂಡರೆ ಅದು ಕಂಪನಿ ನಿಮಗೆ ಕೊಟ್ಟ ಸಾಲ ಅಂತ ಆಗಿ, ಡಿವಿಡೆಂಡ್ ಅಂತ ತೆರಿಗೆ ಬೀಳಬಹುದು.

ಹಿರಿಯೂರು_ಹುಡುಗ

ನಿನ್ನೆ ಭಾನುವಾರ ಭಾವ ಬಂದಿದ್ದರು. ಇಡೀ ಚರ್ಚೆ ಕೂತು ಓದಿದರು. ಮಂಡಿ ಅಣ್ಣನ ಸೈಟಿನ ಕಥೆ ಎರಡು ಸಲ ಓದಿದರು. ಸಾದಾ ಪಾಲುದಾರಿಕೆ ಬೇಡ ಅಂತ ಅವರೇ ಅಂದರು.

ಈಗ ಎರಡು ಉಳಿದಿವೆ. ನನ್ನೊಬ್ಬನ ಹೆಸರಲ್ಲಿ ಶುರು ಮಾಡಿ ಭಾವನ 12 ಲಕ್ಷ ಸಾಲ ಅಂತ ಬರೆಯೋದು, ಇಲ್ಲ ಎಲ್‌ಎಲ್‌ಪಿ. ನನ್ನ ಅಕ್ಕ ಮೊದಲನೆಯದು ಅಂತಾಳೆ. ಭಾವ "ಬರೀ ಬಡ್ಡಿಗೆ ನಾನು ಯಾಕೆ ಬರಲಿ, ಬ್ಯಾಂಕಿನಲ್ಲಿ ಇಡುತ್ತಿದ್ದೆ" ಅಂತಾರೆ. ಬಡ್ಡಿ ಜೊತೆ ಲಾಭದಲ್ಲೂ ಪಾಲು ಕೊಟ್ಟರೆ ಅವರು ಪಾಲುದಾರರಾಗಿಬಿಡುತ್ತಾರಾ ಮೇಡಂ?

ದಾವಣಗೆರೆ_ವಕೀಲೆ

ಸಾಲಕ್ಕೆ ಬದಲಾಗಿ ಲಾಭದಲ್ಲಿ ಪಾಲು ತೆಗೆದುಕೊಂಡ ಮಾತ್ರಕ್ಕೆ ಪಾಲುದಾರ ಆಗೋದಿಲ್ಲ, ಕಾಯ್ದೆಯಲ್ಲೇ ಇದೆ. ಆದರೆ ಅವರು ಮಂಡಿಗೆ ಬಂದು "ನಮ್ಮ ಗಾಣ" ಅಂತ ಹೇಳಿ ಮಾಲು ಕೊಡಿಸಿದರೆ, ಚೆಕ್ಕಿಗೆ ಸಹಿ ಹಾಕಿದರೆ, ಕೆಲಸದವರನ್ನು ನೇಮಿಸಿದರೆ, ಆಗ ಕೋರ್ಟು ಪತ್ರ ನೋಡೋದಿಲ್ಲ, ನಡತೆ ನೋಡುತ್ತೆ. ಬರೀ ಸಾಲ ಕೊಟ್ಟವರಾಗಿ ಉಳಿಯಬೇಕು ಅಂದರೆ ಭಾವ ಗಾಣದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಬೇಕು.

ಹಿರಿಯೂರು_ಹುಡುಗ

ಅದನ್ನು ಅವರಿಗೆ ನಾನು ಹೇಗೆ ಹೇಳಲಿ ಮೇಡಂ. ಅಕ್ಕನ ಕೈಲಿ ಹೇಳಿಸುತ್ತೇನೆ.

ಚಳ್ಳಕೆರೆ_ಮಂಡಿ

ಹೇಳಿಸಿ ಆದಮೇಲೆ ಬಾ. ಮೊದಲ ಲೋಡ್ ನಗದಿಗೆ ಒಯ್ಯಿ. ಎರಡನೇದಕ್ಕೆ ಚೆಕ್ಕು ಯಾರದು ಅಂತ ಆಮೇಲೆ ಮಾತಾಡೋಣ.